ಶನಿವಾರ ಮೂರಕ್ಕ, ಐದರ ಬಸ್ಸಿಗೆ ವಾಪಸ್

ನಮ್ಮ ಕ್ಯಾಂಪಸ್ಸಿನಾಗ ಈ ವಿಷಯಕ್ಕೆ ಇರೋದು ಒಂದೇ ಶಬ್ದ: ಪ್ರಪೋಸ್. "ಅಂವ ಆಕಿಗೆ ಪ್ರಪೋಸ್ ಮಾಡ್ದ" ಅಂದ ಕೂಡಲೇ ಕ್ಯಾಂಟೀನಿನಾಗ ಎಲ್ಲರ ಕಿವಿ ನೆಟ್ಟಗಾಗುತ್ತವೆ. ಅದರಾಗ ಪ್ರೀತಿ ಅದ, ಮುಂದಿನ ಜೀವನ ಅದ, ಮನೆಯವರು ಏನಂತಾರ ಅನ್ನೋ ಪ್ರಶ್ನೆ ಅದ, ಜಾತಿ ಅದ, ಇನ್ನೂ ಸಿಗದ ನೌಕರಿ ಕೂಡ ಅದ. ಇದಕ್ಕಿಂತ ಸಣ್ಣ ಶಬ್ದ ಬೇಕು ಅಂದ್ರ ಒಮ್ಮೆಲೇ "ಚಾ ಕುಡಿಯೋಣ ಬಾ"ಕ್ಕೆ ಇಳೀಬೇಕು. ಚಾ ಮತ್ತು ಪ್ರಪೋಸ್ ನಡುವೆ ನಮ್ಮ ಮಾತಿನಾಗ ಒಂದು ದೊಡ್ಡ ಖಾಲಿ ಜಾಗ ಅದ. ಐದು ವರ್ಷದ ಗೆಳತಿಯನ್ನು ಒಂದು ಸಂಜೆ ಬೇರೆ ರೀತಿ ಭೇಟಿಯಾಗಲು ಕರೆಯಬೇಕು, ಅಷ್ಟೇ, ಅನ್ನುವವನು ಈ ಜಾಗದಾಗೇ ನಿಂತು ಬರೀಬೇಕು. ಹೋದ ಸೆಮಿಸ್ಟರಿನಲ್ಲಿ ನಾವು ಮೂವರು ಕೂತು ಹಾಗೆ ಒಂದು ಮೆಸೇಜ್ ಬರೆದೆವು. ಆರೇಳು ಸಾಲಿನ ಮೆಸೇಜಿಗೆ ಒಂಬತ್ತು ದಿನ ಹಿಡಿಯಿತು. ಹ್ಯಾಂಗ ಬರೆದೆವು, ಏನೇನು ತೆಗೆದೆವು, ಯಾಕ ತೆಗೆದೆವು ಅನ್ನೋದನ್ನು ಇಲ್ಲಿ ಬರೀಲತ್ತೀವಿ.

ನಾವು ಮೂವರು ಅಂದ್ರ ಒಬ್ಬ ಆಳಂದದವ, ಒಬ್ಬಾಕಿ ಅಫಜಲಪುರದಾಕಿ, ಒಬ್ಬ ಜೇವರ್ಗಿಯವ. ಕಲಬುರಗಿ ಬಸ್‌ಸ್ಟ್ಯಾಂಡಿನಿಂದ ಮೂರು ಬೇರೆ ದಿಕ್ಕು. ಜೇವರ್ಗಿಯವ ಭೀಮಾ ನದಿ ದಾಟಿ ಬರಬೇಕಾಗುತ್ತದೆ ಅಂತ ಕಲಬುರಗಿಯಲ್ಲೇ ರೂಮು ಮಾಡಿದಾನ. (ನದಿ ದಾಟೋದು ನೆಪ, ಸೇತುವೆ ಅದ.) ಅಫಜಲಪುರದಾಕಿ ಹಾಸ್ಟೆಲಿನಾಗ ಇರ್ತಾಳ. ಆಳಂದದವ ಮಾತ್ರ ದಿನಾ ಸುಮಾರು 40 ಕಿಲೋಮೀಟರ್ ಹೋಗಿ ಬಂದು ಮಾಡ್ತಾನ. ಮೆಸೇಜ್ ಅಂವಂದು. ಅದು ಹೋಗಬೇಕಾದದ್ದು ಅದೇ ಆಳಂದ ಬಸ್ಸಿನಾಗ ಪಿಯುಸಿಯಿಂದ ಅಂವನ ಜೊತೆ ಬರುವ ಆಕಿಗೆ. ಬ್ರಾಂಚ್ ಬೇರೆ, ಊರು ಒಂದೇ. ಇಬ್ಬರ ಅವ್ವಂದಿರೂ ಒಬ್ಬರಿಗೊಬ್ಬರು ಪರಿಚಯ. ಸೀಟು ಹಿಡಿಯಲು ಕಿಟಕಿಯಿಂದ ಬ್ಯಾಗ್ ಒಗೆಯುವುದು ಅಂವ, ಬ್ಯಾಗಿನಾಗಿನ ಟಿಫಿನ್ ಡಬ್ಬಿ ತೆಗೆದು ತಿನ್ನೋದು ಆಕಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮ್ಯಾಲ ಆಕಿಗೆ ಶೂನ್ಯ ಟಿಕೆಟ್, ಅಂವನಿಗೆ ಪಾಸು. ಇದರ ಮ್ಯಾಲ ಇಬ್ಬರೂ ದಿನಾ ಜಗಳ ಆಡ್ತಾರ.

ಈ ಲೇಖನವನ್ನು ಆ ಇಬ್ಬರೂ ಓದಿದಾರ. ಆಕಿ ಎರಡು ಪ್ಯಾರಾ ತೆಗೆಸಿ, ಒಂದು ಕಡೆ ತನ್ನ ಮಾತು ಸೇರಿಸಿ, "ಈಗ ಹಾಕ್ರಿ" ಅಂದ ಮ್ಯಾಲೇ ಹಾಕೀವಿ. ಗುರುತು ಹತ್ತದಂತೆ ಕೆಲವು ವಿವರ ಬದಲಾಯಿಸೀವಿ, ಆದ್ದರಿಂದ ಯಾರಂತ ಹುಡುಕುತ್ತ ಆಳಂದ ಬಸ್ ಹತ್ತಬ್ಯಾಡ್ರಿ.

ಮೊದಲ ತಕರಾರು ಜೇವರ್ಗಿಯವನದು: "ದಿನಾ ಬಾಜೂಕೆ ಕೂಡ್ತಿ, ಬಾಯಿಂದ ಕೇಳಾಕ ಏನು ಧಾಡಿ? ಮೆಸೇಜ್ ಯಾಕ?" ಕೇಳಲು ಸರಿ ಅನಿಸುತ್ತದೆ. ಎದುರು ನಿಂತು ಕೇಳುವುದೇ ಧೈರ್ಯ, ಮೆಸೇಜ್ ಹಾಕುವುದು ಪುಕ್ಕಲತನ ಅಂತ ನಮ್ಮಲ್ಲಿ ಬಹಳ ಮಂದಿ ತಿಳ್ಕೊಂಡಾರ. ಅಫಜಲಪುರದಾಕಿ ಒಂದೇ ಪ್ರಶ್ನೆ ಕೇಳಿದಳು: "ಬಸ್ಸಿನಾಗ ಕೇಳ್ದಿ ಅಂತ ತಿಳ್ಕೊ. ಕಡಗಂಚಿ ಹತ್ರ ಕೇಳ್ದಿ. ಆಕಿಗೆ ಬ್ಯಾಡ ಅನಿಸ್ತು. ಎಲ್ಲಿ ಇಳೀತಾಳ?"

ಅದಕ್ಕೆ ಉತ್ತರ ಇರಲಿಲ್ಲ. ತುಂಬಿದ ಬಸ್ಸು, ಹಿಂದಿನ ಸೀಟಿನಾಗ ಊರಿನ ಕಾಕಾ, ಮುಂದೆ ಇನ್ನೂ ಅರ್ಧ ದಾರಿ. ಅಲ್ಲಿ ಕೇಳಿದರೆ ಆಕಿ ನಗಬೇಕು, ಅಥವಾ ಕಿಟಕಿ ನೋಡಬೇಕು, ಅಥವಾ ಮನಸ್ಸಿಲ್ಲದಿದ್ದರೂ ಹ್ಞೂಂ ಅನ್ನಬೇಕು. ಕೇಳುವವನು ವಾರಗಟ್ಟಲೆ ಯೋಚಿಸಿ ಬಂದಿರ್ತಾನ, ಕೇಳಿಸಿಕೊಂಡವಳಿಗೆ ಐದು ಸೆಕೆಂಡು. ಮೆಸೇಜಿನಾಗ ಆಕಿ ಮುಖ ಯಾರಿಗೂ ಕಾಣಲ್ಲ. ಓದಿ, ಇಟ್ಟು, ಊಟ ಮಾಡಿ, ಮತ್ತೊಮ್ಮೆ ಓದಿ ಉತ್ತರ ಬರೀಬಹುದು. ಐದು ವರ್ಷದ ಗೆಳೆತನ ಇದ್ದಾಗ ಈ ಸಮಯ ಇನ್ನೂ ಬೇಕು, ಯಾಕಂದ್ರ ಆಕಿಗೆ ಕಳಕೊಳ್ಳಲು ಅಂವನಷ್ಟೇ ಅದ.

ಬರೆಯೋದಕ್ಕೂ ಮೊದಲು ಇನ್ನೊಂದು ಲೆಕ್ಕ ಆಯಿತು: ಈಗ ಕೇಳಬಹುದೋ ಇಲ್ಲೋ. ಆಗ ಇಬ್ಬರೂ ಒಂದು ಫೆಸ್ಟ್ ಸ್ಟಾಲಿನ ಕೆಲಸದಾಗ ಜೊತೆಗಿದ್ದರು. ರೊಕ್ಕದ ಲೆಕ್ಕ ಅಂವನ ಕೈಯಾಗ, ಪರ್ಮಿಷನ್ ಓಡಾಟ ಆಕಿದು. ಅದು ಮುಗಿಯೋತನಕ ಬ್ಯಾಡ ಅಂತ ನಿಲ್ಲಿಸಿದೆವು. ಬ್ಯಾಡ ಅಂದ ಮರುದಿನವೇ ಅಂವನ ಹತ್ರ ರೊಕ್ಕ ಕೇಳಲು ಹೋಗಬೇಕಾದ ಪರಿಸ್ಥಿತಿ ಆಕಿಗೆ ಇರಬಾರದು. ಪ್ರಾಜೆಕ್ಟ್ ಬ್ಯಾಚಿನಾಗ ಜೊತೆಗಿದ್ದವರಿಗೂ ಇದೇ ಮಾತು, ಸಬ್ಮಿಷನ್ ಆಗಲಿ. ಇನ್ನು ಆಕಿಯ ಅಜ್ಜಿಗೆ ಆರಾಮ ಇಲ್ಲದೆ ಆಕಿ ಅಂವನ ಮುಂದೆ ಅತ್ತ ವಾರವೂ ಒಂದಿತ್ತು. "ಆ ವಾರ ಕೇಳಿದ್ರ, ಸಮಾಧಾನ ಮಾಡಿದ್ದೆಲ್ಲ ಇದಕ್ಕೇ ಏನು ಅನಿಸ್ತದ" ಅಂದಳು ಅಫಜಲಪುರದಾಕಿ. ಅದೂ ಹೋಯಿತು.

ಆಮೇಲೆ ಬಂತು ಮೊದಲ ಡ್ರಾಫ್ಟ್. ರಾತ್ರಿ ಎರಡಕ್ಕೆ ಬರೆದದ್ದು. ಫೋನಿನಾಗ ಮೂರು ಸಲ ಮ್ಯಾಲ ಸರಿಸಬೇಕು, ಅಷ್ಟು ಉದ್ದ. ಪಿಯುಸಿ ಮೊದಲನೇ ದಿನ ಆಕಿ ಯಾವ ಬಣ್ಣದ ಡ್ರೆಸ್ ಹಾಕಿದ್ದಳು ಅನ್ನುವಲ್ಲಿಂದ ಶುರುವಾಗಿ, "ನೀ ಇಲ್ದಿದ್ರ ನಾ ಏನೂ ಅಲ್ಲ" ಅನ್ನುವಲ್ಲಿಗೆ ಮುಗಿದಿತ್ತು. ಓದಿ ಜೇವರ್ಗಿಯವನ ಕಣ್ಣು ಒದ್ದೆಯಾದವು, ಖರೇ ಹೇಳ್ತೀವಿ. ಅಫಜಲಪುರದಾಕಿ ಎರಡು ಸಲ ಓದಿ ಕೇಳಿದಳು: "ಇದರಾಗ ಪ್ರಶ್ನೆ ಎಲ್ಲದ?"

ಹುಡುಕಿದರೆ ಪ್ರಶ್ನೆಯೇ ಇರಲಿಲ್ಲ. ಅಂವ ಬರೆದದ್ದು ತನ್ನ ಐದು ವರ್ಷದ ಲೆಕ್ಕ. ಅದನ್ನು ಓದಿದವಳು ಏನಂತ ಉತ್ತರ ಬರೀಬೇಕು? ಹ್ಞೂಂ ಅಂದ್ರ ಯಾವುದಕ್ಕೆ ಹ್ಞೂಂ? ಬ್ಯಾಡ ಅಂದ್ರ ಆ ಐದು ವರ್ಷವನ್ನೂ ಬ್ಯಾಡ ಅಂದಂಗ ಆಗ್ತದ. ಜೊತೆಗೆ ಆಕಿ ಹಿಂದಕ್ಕ ಹೋಗಿ ಪ್ರತಿಯೊಂದನ್ನೂ ಮತ್ತೆ ನೋಡಬೇಕಾಗ್ತದ: ಆ ದಿನ ಬ್ಯಾಗ್ ಒಗೆದು ಸೀಟು ಹಿಡಿದದ್ದು ಗೆಳೆಯನಾಗಿ ಏನು, ಇದಕ್ಕಾಗಿ ಏನು? ಗೆಳೆತನ ಕೆಡುವುದು ಇಲ್ಲಿ ಅಂತ ನಮಗನಿಸುತ್ತದೆ. ಡೇಟಿಗೆ ಕರೆದದ್ದರಿಂದ ಕೆಡುವುದು ಕಡಿಮೆ. ಹಿಂದಿನದನ್ನೆಲ್ಲ ತಂದು ಅದಕ್ಕೆ ಬೇರೆ ಹೆಸರು ಇಟ್ಟಾಗ ಆಕಿಗೆ ತನ್ನ ನೆನಪುಗಳೇ ತನ್ನವಲ್ಲ ಅನಿಸತೊಡಗುತ್ತದೆ. ಅದಕ್ಕೇ ಮೊದಲ ನಿಯಮ ಮಾಡಿಕೊಂಡೆವು: ಮೆಸೇಜಿನಾಗ ಹಿಂದಿನ ಕಾಲದ ಒಂದು ಕ್ರಿಯಾಪದವೂ ಇರಬಾರದು. ಕೇಳುವುದು ಮುಂದಿನ ಒಂದು ಶನಿವಾರದ ಬಗ್ಗೆ ಮಾತ್ರ.

ಎರಡನೇ ಡ್ರಾಫ್ಟ್ ಅದಕ್ಕೆ ಪೂರಾ ಉಲ್ಟಾ: "ಶನಿವಾರ ಫ್ರೀ ಇದ್ದಿ ಏನು? ಚಾ ಕುಡಿಯೋಣ." ಇದು ಸುರಕ್ಷಿತ ಅಂತ ಅಂವ ವಾದ ಮಾಡಿದ. ಹ್ಞೂಂ ಅಂದ್ರ ಹೋದಾಗ ನೋಡ್ಕೋಬಹುದು, ಬ್ಯಾಡ ಅಂದ್ರ ಚಾ ಬ್ಯಾಡ ಅಂದಂಗ, ನಷ್ಟ ಏನಿಲ್ಲ. ಆದ್ರ ಆಕಿ ದಿನಾ ಅಂವನ ಜೊತೆ ಚಾ ಕುಡೀತಾಳ. ಈ ಮೆಸೇಜ್ ಓದಿ ಆಕಿ ನಮ್ಮಿಬ್ಬರಿಗೂ ಫೋನ್ ಹಚ್ಚಿ "ನೀವೂ ಬರ್ರಿ" ಅಂತಿದ್ದಳು, ಇದರಾಗ ಅನುಮಾನವೇ ಇಲ್ಲ. ಒಬ್ಬಳೇ ಬಂದರೂ ತೊಂದರೆ ಇನ್ನೂ ದೊಡ್ಡದು. ಅಂವ ಡೇಟಿನಾಗ ಕೂತಿರ್ತಾನ, ಆಕಿ ಚಾ ಅಂಗಡಿಯಾಗ ಕೂತಿರ್ತಾಳ. ಅರ್ಧ ಗಂಟೆ ಆದ ಮ್ಯಾಲ ಅಂವನ ದನಿ ಬದಲಾದಾಗ ಆಕಿಗೆ ಗೊತ್ತಾಗ್ತದ, ತನ್ನನ್ನು ಕೇಳದೇ ತನ್ನನ್ನು ಇಲ್ಲಿ ಕೂಡಿಸಿದಾನ ಅಂತ. ಹೀಗೆ ಮುಚ್ಚಿ ಕೇಳಿದಾಗ ಕೇಳಿದವನ ಮಾನ ಉಳೀತದ, ಅದರ ಖರ್ಚು ಆಕಿ ಕೊಡ್ತಾಳ. ಆದ್ದರಿಂದ "ಡೇಟ್" ಅನ್ನೋ ಶಬ್ದ ಮೆಸೇಜಿನಾಗ ಇರಲೇಬೇಕು ಅಂತ ಆಯಿತು. ಕನ್ನಡ ಸಂಘದ ಪತ್ರಿಕೆಯಲ್ಲಿ ಈ ಮಾತು ಹೇಳಲು ಸ್ವಲ್ಪ ಮುಜುಗರ, ಆದರೂ ಇದಕ್ಕೆ ಕನ್ನಡದಾಗ ಅದೇ ತೂಕದ ಶಬ್ದ ನಮಗೆ ಸಿಗಲಿಲ್ಲ. "ಭೇಟಿ" ಅಂದ್ರ ಪ್ರಿನ್ಸಿಪಾಲರ ಭೇಟಿಯೂ ಅದೇ. "ತಿರುಗಾಡಾಕ" ಅಂದ್ರ ಊರಿನಾಗ ಅದಕ್ಕೆ ಬೇರೆ ಅರ್ಥ ಅದ. ಡೇಟ್ ಇರಲಿ ಅಂದೆವು.

ಮೂರನೆಯದರಾಗ ಡೇಟ್ ಬಂತು, ಅದರ ಹಿಂದೆ ನಾಲಗೆ ಹೊರಹಾಕಿದ ಇಮೋಜಿಯೂ ಬಂತು: "ಡೇಟಿಗೆ ಬರ್ತಿ ಏನು ಮೇಡಂ? ಸುಮ್ಮ ಕೇಳ್ದೆ." ಇದು ಜೇವರ್ಗಿಯವನ ಕೊಡುಗೆ. ಬ್ಯಾಡ ಅಂದ್ರ ನಕ್ಕು ಬಿಡಬಹುದು ಅಂತ ಅಂವನ ಲೆಕ್ಕ. ತಮಾಷೆಯಾಗಿ ಕೇಳಿದ್ದಕ್ಕೆ ಆಕಿಯೂ ತಮಾಷೆಯಾಗೇ ಉತ್ತರ ಕೊಡ್ತಾಳ, "ಬಿಲ್ ಯಾರು ಕೊಡ್ತಾರ?" ಅಂತ. ಆಗ ಅಂವ ಆ ಉತ್ತರ ಹಿಡ್ಕೊಂಡು ನಾಲ್ಕು ದಿನ ನಮ್ಮ ತಲಿ ತಿಂತಾನ: ಇದು ಹ್ಞೂಂ ಏನು, ಅಲ್ಲ ಏನು? ಖರೇ ಉತ್ತರ ಬೇಕಾದ್ರ ಖರೇ ಪ್ರಶ್ನೆ ಹಾಕಬೇಕು ಅಂತ ಇಮೋಜಿ ತೆಗೆದೆವು, "ಸುಮ್ಮ ಕೇಳ್ದೆ"ಯನ್ನೂ ತೆಗೆದೆವು.

ನಾಲ್ಕನೆಯದರಾಗ ಇದ್ದ ಒಂದು ಸಾಲಿನ ಮ್ಯಾಲ ಎಲ್ಲಕ್ಕಿಂತ ಹೆಚ್ಚು ಹೊತ್ತು ಜಗಳಾಡಿದೆವು: "ನೀ ಏನೇ ಹೇಳು, ನಮ್ಮ ಫ್ರೆಂಡ್‌ಶಿಪ್ ಮಾತ್ರ ಹಾಳಾಗಬಾರದು, ಪ್ರಾಮಿಸ್ ಮಾಡು." ಮೊದಲ ಸಲ ಓದಿದಾಗ ಮೂವರಿಗೂ ಚಲೋ ಅನಿಸಿತ್ತು. ಗೆಳೆತನ ಉಳೀಬೇಕು ಅನ್ನೋದೇ ನಮ್ಮ ಚಿಂತೆ ಅಲ್ಲವಾ? ಮತ್ತೆ ಮತ್ತೆ ಓದಿದಾಗ ಅದು ಬೇರೆ ಕಂಡಿತು. ಕೇಳುವವನು ಅಂವ, ಅದರಿಂದ ಏನಾದರೂ ಕೆಟ್ಟರೆ ಸರಿಮಾಡುವ ಜವಾಬ್ದಾರಿ ಆಕಿದು, ಅದೂ ಮುಂಗಡವಾಗಿ. ಮುಂದೆ ಆಕಿಗೆ ಹತ್ತು ದಿನ ದೂರ ಇರಬೇಕು ಅನಿಸಿದರೂ ಪ್ರಾಮಿಸ್ ಮುರಿದಂಗ ಆಗ್ತದ. ಗೆಳೆತನ ಹಾಳಾಗಲ್ಲ ಅಂತ ಯಾರಾದರೂ ಮಾತು ಕೊಡಬೇಕಿದ್ದರೆ ಅದು ಕೇಳುವವನೇ, ಮತ್ತು ಅದನ್ನು ಮಾತಿನಾಗ ಹೇಳಿದರೆ ಯಾರೂ ನಂಬಲ್ಲ. ಯಾವುದಾದರೂ ಒಂದು ಸಣ್ಣ ಕೆಲಸದಾಗ ಕಾಣಬೇಕು.

ಆ ಸಣ್ಣ ಕೆಲಸ ಆಕಿಯ ಲ್ಯಾಬ್ ರೆಕಾರ್ಡ್ ಆಯಿತು. ಬೈಂಡಿಂಗಿಗೆ ಕೊಟ್ಟಿದ್ದ ರೆಕಾರ್ಡನ್ನು ಸೋಮವಾರ ಅಂವ ತರಬೇಕಿತ್ತು. ಅದನ್ನು ಮೆಸೇಜಿನ ಮೊದಲ ಸಾಲಿಗೆ ಹಾಕಿದೆವು. ಉತ್ತರ ಏನೇ ಬರಲಿ, ರೆಕಾರ್ಡ್ ಬರ್ತದ. ಇದಕ್ಕೆ ಇನ್ನೊಂದು ಉಪಯೋಗವೂ ಇತ್ತು. ಸಂಜೆ ಆಕಿಯ ಫೋನು ತಮ್ಮನ ಕೈಯಾಗ ಇರ್ತದ. ಲಾಕ್ ಸ್ಕ್ರೀನ್ ಮ್ಯಾಲ ಮೆಸೇಜಿನ ಮೊದಲ ನಾಲ್ಕಾರು ಶಬ್ದ ಕಾಣ್ತಾವ. ಅಲ್ಲಿ "ರೆಕಾರ್ಡ್" ಕಂಡರೆ ಯಾರೂ ತಿರುಗಿ ನೋಡಲ್ಲ, "ಡೇಟ್" ಕಂಡರೆ ರಾತ್ರಿ ಊಟಕ್ಕೆ ಮೊದಲು ಮನೆಯಾಗ ವಿಚಾರಣೆ. ನಮ್ಮ ಕಡೆ ಇಂಥ ಮೆಸೇಜಿನ ರಿಸ್ಕ್ ಗಂಡಸಿಗೂ ಹೆಣ್ಣುಮಗಳಿಗೂ ಸಮ ಇಲ್ಲ. ಅಂವನಿಗೆ ಇರೋದು ಬ್ಯಾಡ ಅನಿಸಿಕೊಳ್ಳೋ ರಿಸ್ಕ್. ಆಕಿಗೆ ಕಾಲೇಜಿಗೆ ಬರೋದೇ ನಿಲ್ಲೋ ರಿಸ್ಕ್.

ಜಾಗ, ಹೊತ್ತು ಗೊತ್ತು ಮಾಡುವಾಗಲೂ ಇದೇ ಲೆಕ್ಕ. ಆಳಂದದಾಗ ಆಗೋದೇ ಇಲ್ಲ, ಬಸ್‌ಸ್ಟ್ಯಾಂಡಿನಿಂದ ಮನೆ ಮುಟ್ಟೋದ್ರೊಳಗೆ ಸುದ್ದಿ ಮುಟ್ಟಿರ್ತದ. ಅಪ್ಪನ ಕೆರೆ ದಂಡಿ ಚಂದ, ಸಂಜೆ ಅರ್ಧ ಕಲಬುರಗಿ ಅಲ್ಲೇ ಇರ್ತದ. ಗಾಣಗಾಪುರಕ್ಕೆ ಹೋಗೋಣ ಅಂತ ಒಂದು ಸಲಹೆ ಬಂತು, ಅಫಜಲಪುರದಾಕಿ ಕೈ ಮುಗಿದಳು: "ನಮ್ಮ ತಾಲೂಕಿನ ದತ್ತನ ಗುಡಿ ಅದು, ಅಲ್ಲಿ ನಮ್ಮ ಮನೆಯವರೆಲ್ಲ ಬರ್ತಾರ, ಬಿಟ್ಟುಬಿಡ್ರಿ." ಸಿನಿಮಾ ಅಂದ್ರ ಮೂರು ತಾಸು ಕತ್ತಲಾಗ ಮಾತಿಲ್ಲದೇ ಕೂಡೋದು, ನಡುವೆ ಎದ್ದು ಬರಲು ಆಗಲ್ಲ. ಕಡೆಗೆ ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದ ಒಂದು ಕೆಫೆ. ಮಧ್ಯಾಹ್ನ ಮೂರು, ಬೆಳಕು ಇರ್ತದ, ಮಂದಿ ಇರ್ತಾರ, ಯಾವಾಗ ಬೇಕಾದರೂ ಏಳಬಹುದು, ಐದರ ಬಸ್ಸಿಗೆ ಮನೆ. ಇಷ್ಟು ಬರೆದ ಮ್ಯಾಲ "ಡೇಟ್" ಅನ್ನೋ ಶಬ್ದದ ಅಳತೆ ತಾನೇ ಕಾಣಿಸಿತು: ಎರಡು ತಾಸು, ಒಂದು ಕಾಫಿ. ಚಾ ಮತ್ತು ಪ್ರಪೋಸ್ ನಡುವಿನ ಆ ಖಾಲಿ ಜಾಗಕ್ಕೆ ಶಬ್ದ ಇಲ್ಲದಿದ್ದರೇನು, ಗಡಿಯಾರ ಇತ್ತು.

ಕಡೆಯ ಮೆಸೇಜ್ ಹೀಗಿತ್ತು:

"ರೆಕಾರ್ಡ್ ಬೈಂಡಿಂಗ್ ಆಗ್ಯದ, ಸೋಮವಾರ ತರ್ತೀನಿ. ಇನ್ನೊಂದು ಮಾತು. ಬರೋ ವಾರ ಶನಿವಾರ ಇಂಟರ್ನಲ್ಸ್ ಮುಗೀತಾವ. ಮೂರಕ್ಕ ಬಸ್‌ಸ್ಟ್ಯಾಂಡ್ ಹತ್ರದ ಹೊಸಾ ಕೆಫೆಗೆ ನಾವಿಬ್ಬರೇ ಹೋಗೋಣೇನು? ದಿನದ ಚಾದಂಗಲ್ಲ, ಡೇಟ್ ಅಂತ ಕೇಳ್ಲತ್ತೀನಿ. ಐದರ ಬಸ್ಸಿಗೆ ವಾಪಸ್ ಬರ್ಬಹುದು. ನಿಂಗ ಹಂಗ ಅನಿಸ್ಲಿಲ್ಲಂದ್ರ 'ಬ್ಯಾಡ' ಅಂದ್ರ ಸಾಕು, ಕಾರಣ ಕೇಳಲ್ಲ. ಈಗಲೇ ಹೇಳ್ಬೇಕಂತಿಲ್ಲ."

(ಹಿಂದಿನ ಕಾಲದ ಕ್ರಿಯಾಪದ "ಆಗ್ಯದ" ಒಂದು ನುಸುಳಿದೆ. ಅದು ಬೈಂಡಿಂಗಿಗೆ ಸಂಬಂಧಪಟ್ಟದ್ದು ಅಂತ ಮಾಫಿ ಮಾಡಿದೆವು.)

ಕಳಿಸುವ ದಿನ ಬುಧವಾರ. ಆ ದಿನ ಅಂವ ಜೇವರ್ಗಿಯವನ ರೂಮಿನಾಗ ಉಳಿಯುವುದಿತ್ತು, ಬಸ್ಸಿನಾಗ ಆಕಿಯ ಬಾಜೂಕೆ ಕೂಡುವುದಿರಲಿಲ್ಲ. ಸಂಜೆ ನಾಲ್ಕಕ್ಕೆ, ಆಕಿಯ ಕೊನೆ ಕ್ಲಾಸು ಮುಗಿದ ಮ್ಯಾಲ ಕಳಿಸಿದ. ಆಕಿಗೆ ಓದಲು ಒಂದು ಬಸ್ ದಾರಿ ಒಬ್ಬಳಿಗೇ ಸಿಗಲಿ ಅಂತ. ಕಳಿಸಿ ಎರಡು ನಿಮಿಷಕ್ಕೆ "ಡಿಲೀಟ್ ಮಾಡ್ಲಿ ಏನು?" ಶುರುವಾಯಿತು. ವಾಟ್ಸ್ಯಾಪಿನಾಗ ಹದಿನೈದು ನಿಮಿಷದೊಳಗೆ ತಿದ್ದಬಹುದು, ಎರಡು ದಿನಕ್ಕೂ ಮೀರಿ ಎಲ್ಲರ ಫೋನಿನಿಂದ ಅಳಿಸಬಹುದು. ಆದ್ರ ತಿದ್ದಿದ್ದಕ್ಕೆ ಗುರುತು ಉಳೀತದ, ಅಳಿಸಿದ್ದಕ್ಕೂ ಉಳೀತದ. ಗೆಳತಿ ಫೋನ್ ತೆಗೆದಾಗ ಅಲ್ಲಿ ಅಳಿಸಿದ ಮೆಸೇಜಿನ ಗುರುತು ಕಂಡರೆ, ಓದಿದ್ದಕ್ಕಿಂತ ಹೆಚ್ಚು ಚಿಂತೆ ಆಗ್ತದ. ಫೋನು ಕಸಗೊಂಡು ಗಾದಿ ಕೆಳಗಿಟ್ಟೆವು.

ನಾಲ್ಕೂ ಇಪ್ಪತ್ತಕ್ಕೆ ನೀಲಿ ಟಿಕ್. ಆಮೇಲೆ ಏನೂ ಇಲ್ಲ. ಗುರುವಾರ ಸಂಜೆ ಇಬ್ಬರೂ ಒಂದೇ ಬಸ್ಸಿನಾಗ ಹೋದರು. ಆಕಿ ಮಾತೆತ್ತಲಿಲ್ಲ, ಅಂವನೂ ಎತ್ತಲಿಲ್ಲ. ಇದು ಮೊದಲೇ ಗೊತ್ತು ಮಾಡಿಕೊಂಡಿದ್ದ ಶಿಸ್ತು: "ಈಗಲೇ ಹೇಳ್ಬೇಕಂತಿಲ್ಲ" ಅಂತ ಬರೆದ ಮ್ಯಾಲ ಎರಡು ಪ್ರಶ್ನಾರ್ಥಕ ಚಿಹ್ನೆ ಕಳಿಸೋದು ಕೂಡ ಸುಳ್ಳು ಹೇಳಿದಂಗೆ. ಆ ಶನಿವಾರದ ಹಿಂದಿನ ದಿನದತನಕ ಏನೂ ಬರದಿದ್ದರೆ ಅದನ್ನೇ ಬ್ಯಾಡ ಅಂತ ತಿಳಿದು ಸುಮ್ಮನಾಗೋದು, ಮತ್ತೊಮ್ಮೆ ಕೇಳದೇ ಇರೋದು ಅಂತಲೂ ಬರೆದಿಟ್ಟಿದ್ದೆವು. ಗುರುವಾರ ಅಂವ ಇಂಟರ್ನಲ್ಸ್ ಪೋರ್ಷನ್ ಬಗ್ಗೆ 40 ಕಿಲೋಮೀಟರ್ ಮಾತಾಡಿದ. ಅಷ್ಟು ಪೋರ್ಷನ್ ಇರಲೇ ಇಲ್ಲ.

ಶುಕ್ರವಾರ ರಾತ್ರಿ ಉತ್ತರ ಬಂತು. "ಹಂಗ ನಾ ನಿನ್ನ ನೋಡಿಲ್ಲ. ಡೇಟ್ ಬ್ಯಾಡ. ನೇರ ಕೇಳ್ದಿ, ಅದು ಚಲೋ ಆತು. ರೆಕಾರ್ಡ್ ಮರೀಬ್ಯಾಡ."

ಅಂವನಿಗೆ ಕೂಡಲೇ ಎರಡು ಉತ್ತರ ಹೊಳೆದವು. ಒಂದು, "ಅಯ್ಯ, ಸುಮ್ಮ ಕೇಳಿದ್ದು, ಸೀರಿಯಸ್ ತಗೋಬ್ಯಾಡ" ಅಂತ. ಇನ್ನೊಂದು ಮತ್ತೆ ಆ ಮೂರು ಪುಟ. ಮೊದಲನೆಯದು ಆಕಿ ಎರಡು ದಿನ ಯೋಚಿಸಿ ಬರೆದದ್ದನ್ನು ನಗೆಪಾಟಲು ಮಾಡ್ತದ. ಎರಡನೆಯದು ಕಾರಣ ಕೇಳಲ್ಲ ಅಂತ ಹೇಳಿ ಸಮಾಧಾನ ಕೇಳಿದಂಗ. ಫೋನಿನಾಗೇ ನಾವು ಮೂವರು ಸೇರಿ ಹತ್ತು ನಿಮಿಷದಾಗ ಕಳಿಸಿದ್ದು: "ಆತು. ಹೇಳಿದ್ದಕ್ಕ ಥ್ಯಾಂಕ್ಸ್. ರೆಕಾರ್ಡ್ ಸೋಮವಾರ." ಅಷ್ಟೇ. ಆ ರಾತ್ರಿ ಅಂವ ಊಟ ಮಾಡಲಿಲ್ಲ, ಅದನ್ನು ಅಂವನ ಅವ್ವ ಸೆಕೆಂಡ್ ಶೋ ಐಪಿಎಲ್ಲಿನ ಲೆಕ್ಕಕ್ಕೆ ಹಾಕಿದರು. ಅಳಬೇಕಾದದ್ದನ್ನೆಲ್ಲ ನಮ್ಮಿಬ್ಬರ ಮುಂದೆ ಅತ್ತ. ಆಕಿಯ ಮುಂದೆ ಸಪ್ಪಗೆ ಮುಖ ಮಾಡಿ ಕೂಡಲಿಲ್ಲ. ಗೆಳೆತನದ ರಿಸ್ಕ್ ಕಡಿಮೆ ಮಾಡುವ ಕೆಲಸದಾಗ ಮೆಸೇಜು ಅರ್ಧ, ಉಳಿದರ್ಧ ಇದು ಅಂತ ಆಗ ಕಂಡಿತು. ಆ ಅರ್ಧಕ್ಕೆ ಡ್ರಾಫ್ಟ್ ಇರಲ್ಲ.

ಏನೂ ಬದಲಾಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಸೋಮವಾರ ರೆಕಾರ್ಡ್ ಕೊಟ್ಟ, ಆಕಿ ತಗೊಂಡಳು. ಆ ವಾರ ಆಕಿ ಬಸ್ಸಿನಾಗ ಬೇರೆ ಹುಡುಗಿಯ ಬಾಜೂಕೆ ಕೂತಳು, ಅಂವ ಬ್ಯಾಗ್ ಒಗೆಯೋದು ಬಿಟ್ಟು ಹಿಂದೆ ನಿಂತ. ರಾತ್ರಿ ರೀಲ್ಸ್ ಕಳಿಸೋದು ನಿಂತಿತು. ಹನ್ನೆರಡನೇ ದಿನ ಆಕಿಯೇ ಕಿಟಕಿಯಿಂದ ಕೂಗಿದಳು, "ಏ, ಬ್ಯಾಗ್ ಒಗಿ, ಸೀಟದ." ಡಬ್ಬಿಯೂ ವಾಪಸ್ ಬಂತು. ರಾತ್ರಿಯ ಆ ಉದ್ದುದ್ದ ವಾಯ್ಸ್ ನೋಟುಗಳು ಮಾತ್ರ ಇವತ್ತಿನತನಕ ಬಂದಿಲ್ಲ. ಅವು ಬರಲಿಕ್ಕಿಲ್ಲ ಅಂತ ಅಂವನಿಗೆ ಗೊತ್ತದ. ಕೇಳಿದ್ದಕ್ಕೆ ಅಷ್ಟು ಬೆಲೆ ಬಿತ್ತು. ಬೆಲೆಯೇ ಇಲ್ಲದಂಗ ಕೇಳುವ ಮೆಸೇಜು ಇರಬಹುದು ಅಂತ ಶುರುಮಾಡಿದ್ದ ನಾವು ಮೂವರೂ ಈಗ ಹಂಗ ಅನ್ನಲ್ಲ.

ಆಕಿ ಸೇರಿಸಿದ ಮಾತು ಇದು. "ಬಸ್ಸಿನಾಗ ಓದ್ದೆ. 'ಐದರ ಬಸ್ಸಿಗೆ ವಾಪಸ್' ಓದಿ ನಗು ಬಂತು, ಇಷ್ಟು ಪ್ಲ್ಯಾನ್ ಇವನದಲ್ಲ, ಯಾರೋ ಹೇಳಿಕೊಟ್ಟಾರ ಅನಿಸ್ತು. ಏನು ಹೇಳ್ಬೇಕಂತ ಆಗಲೇ ಗೊತ್ತಿತ್ತು. ಹ್ಯಾಂಗ ಹೇಳ್ಬೇಕಂತ ಎರಡು ದಿನ ಹಿಡೀತು. 'ಕಾರಣ ಕೇಳಲ್ಲ' ಅನ್ನೋ ಸಾಲು ನಾಲ್ಕು ಸಲ ಓದಿದೆ, ಖರೇ ಕೇಳಲ್ಲೇನು ಅಂತ. ಅಂವ ಕೇಳಲಿಲ್ಲ. ಕೇಳಿದ್ದರ ಹನ್ನೆರಡನೇ ದಿನ ಕೂಗ್ತಿರಲಿಲ್ಲ."

ಇದನ್ನು ಓದಿದಾಗ ನಮಗೆ ನೆನಪಾದದ್ದು ವನೆಸ್ಸಾ ಬಾನ್ಸ್ ಮತ್ತು ಲಾರೆನ್ ಡಿವಿನ್ಸೆಂಟ್ ಎಂಬ ಅಮೆರಿಕದ ಸಂಶೋಧಕರ 2019ರ ಒಂದು ಅಧ್ಯಯನ. ಬ್ಯಾಡ ಅನ್ನೋದು ಎಷ್ಟು ಕಷ್ಟ ಅನ್ನೋದನ್ನು ಕೇಳುವವರು ಕಡಿಮೆ ಅಂದಾಜು ಮಾಡ್ತಾರ ಅಂತ ಅವರು ಕಂಡುಕೊಂಡರು. ಕೇಳುವವನಿಗೆ ತನ್ನ ಎದೆಬಡಿತವೇ ಅಷ್ಟು ಜೋರಾಗಿ ಕೇಳಿಸ್ತದ, ಆ ಕಡೆಯದು ಕೇಳಿಸಲ್ಲ. ಇನ್ನೊಂದು ಅಧ್ಯಯನ ಆಳಂದದವನಿಗೆ ಸಮಾಧಾನಕ್ಕೆ ಹೇಳಿದೆವು: ಕೆನಡಾದ ಡಾನು ಆ್ಯಂಥನಿ ಸ್ಟಿನ್ಸನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ್ದು. ಸುಮಾರು 1,900 ಮಂದಿಯನ್ನು ಕೇಳಿದಾಗ ಮೂರರಲ್ಲಿ ಎರಡು ಪಾಲಿನಷ್ಟು ಜೋಡಿಗಳು ಮೊದಲು ಗೆಳೆಯರಾಗಿದ್ದವರೇ. ಅಂವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಜೋಡಿಯಾದವರ ಲೆಕ್ಕ. ಬ್ಯಾಡ ಅನಿಸಿಕೊಂಡ ಗೆಳೆಯರನ್ನು ಅವರು ಎಣಿಸಿಲ್ಲ" ಅಂದ. ಪ್ರಾಬಬಿಲಿಟಿಯಲ್ಲಿ ಅಂವನಿಗೆ ನಮ್ಮಿಬ್ಬರಿಗಿಂತ ಹೆಚ್ಚು ಮಾರ್ಕ್ಸ್.

ಈಗ ಜೇವರ್ಗಿಯವ ಆ ಮೆಸೇಜಿನ ಕಾಪಿ ಕೇಳ್ಲತ್ತಾನ. ಹೆಸರು ಬದಲಾಯಿಸಿ ಕಳಿಸ್ತೀನಿ, ಟೆಸ್ಟ್ ಆದ ಕೋಡ್ ಅಲ್ಲವಾ ಅಂತಾನ. ಕೊಡಲ್ಲ ಅಂದೀವಿ. ಆ ಮೆಸೇಜಿನಾಗ ಇದ್ದದ್ದು ಒಬ್ಬಾಕಿಯ ರೆಕಾರ್ಡ್, ಒಬ್ಬಾಕಿಯ ತಮ್ಮ, ಒಬ್ಬಾಕಿಯ ಬಸ್ಸು. ಅಫಜಲಪುರದಾಕಿ ಅಂವನಿಗೆ ಒಂದೇ ಪ್ರಶ್ನೆ ಹಾಕಿದಾಳ: "ನಿನ್ನಾಕಿಗೆ ಊರಿಗೆ ಕೊನೆ ಬಸ್ ಎಷ್ಟಕ್ಕ?" ಮೂರು ದಿನ ಆಯಿತು, ಅಂವ ಇನ್ನೂ ವಿಚಾರಿಸ್ಲಿಕ್ಕೇ ಹತ್ಯಾನ.